ಖಾರವಿಲ್ಲದ ಮೆಣಸಿನಕಾಯಿಗೆ ಒಂದು ಹಾಡು: ಮಕ್ಕಳ ಆನಿಮೇಷನ್ ಚಿತ್ರಕ್ಕೆ ಹಾಡು ಕಟ್ಟುವ ಬಗೆ

ಮಕ್ಕಳ ಆನಿಮೇಷನ್ ಚಿತ್ರದಲ್ಲಿ ಹಲವು ಬಗೆಯ ಹಾಡುಗಳಿರುತ್ತವೆ. ಅವುಗಳಲ್ಲಿ ಬರೆಯಲು ಅತಿ ಕಷ್ಟವಾದದ್ದು, ಕಥೆಗೆ ಅತಿ ಅಗತ್ಯವಾದದ್ದು ನಾಯಕ ಅಥವಾ ನಾಯಕಿ ತನಗೇನು ಬೇಕು ಎಂದು ಹಾಡುವ ಹಾಡು. ಇದಕ್ಕೆ 'ಬಯಕೆಯ ಹಾಡು' ಎನ್ನೋಣ. ಇದೊಂದನ್ನು ಸರಿಯಾಗಿ ಕಟ್ಟಲು ಬಂದರೆ ಹಬ್ಬದ ಹಾಡು, ಖಳನ ಹಾಡು ಅಷ್ಟು ತೊಡಕು ಕೊಡುವುದಿಲ್ಲ. ಆದ್ದರಿಂದ ಇಲ್ಲಿ ಒಂದೇ ಹಾಡನ್ನು ಹಿಡಿದು, ಅದನ್ನು ಕಥೆಯಲ್ಲಿ ಎಲ್ಲಿಡುವುದು ಎಂಬಲ್ಲಿಂದ ಫ್ರೇಮ್ ಲೆಕ್ಕದವರೆಗೆ ಹೋಗೋಣ.

ಕಥೆ ಹಾವೇರಿ ಜಿಲ್ಲೆಯ ಬ್ಯಾಡಗಿಯದು, 12 ನಿಮಿಷದ ಕಿರುಚಿತ್ರ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಕಡ್ಡಿ ಉದ್ದಕ್ಕೆ ಸುಕ್ಕುಸುಕ್ಕಾಗಿರುತ್ತದೆ, ಡಬ್ಬಿ ಗಿಡ್ಡಕ್ಕೆ ದುಂಡಗಿರುತ್ತದೆ. ಎರಡಕ್ಕೂ ಬಣ್ಣ ಗಾಢ, ಖಾರ ಕಡಿಮೆ. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸತ್ವ ತೆಗೆಯುತ್ತಾರೆ, ಅದು ತಿಂಡಿಗೂ ತುಟಿಬಣ್ಣಕ್ಕೂ ಹೋಗುತ್ತದೆ. ನಮ್ಮ ನಾಯಕಿ ಡಬ್ಬಿ ಎಂಬ ಪುಟ್ಟ ಮೆಣಸಿನಕಾಯಿ. ಅವಳಿಗೆ ಖಾರ ಬೇಕು. ತನ್ನ ಕೆಂಪು ಎಂಥದ್ದು ಅಂತ ಅವಳಿಗೆ ಗೊತ್ತಿಲ್ಲ. ಚಿತ್ರ ಮುಗಿಯುವಷ್ಟರಲ್ಲಿ ಗೊತ್ತಾಗಬೇಕು.

ಈ ಹಾಡಿನ ಗುಟ್ಟು ಇಷ್ಟೇ: ಅವಳಿಗೆ ಬೇಕಾದದ್ದನ್ನು ಮಾತು ಹೇಳುತ್ತದೆ, ಅವಳಲ್ಲಿ ಇರುವುದನ್ನು ಚಿತ್ರ ತೋರಿಸುತ್ತದೆ. ಮುಂದಿನ ಎಲ್ಲ ತೀರ್ಮಾನಗಳೂ ಇದರಿಂದಲೇ ಹುಟ್ಟುತ್ತವೆ.

ಹಾಡನ್ನು ಎಲ್ಲಿಡಬೇಕು

ಮೊದಲ ಆಸೆ ಎಲ್ಲರಿಗೂ ಒಂದೇ: ಚಿತ್ರ ಸುರುವಾಗುತ್ತಲೇ ಬ್ಯಾಡಗಿ ಮಾರುಕಟ್ಟೆಯ ಅಂಗಳ, ಕಣ್ಣು ಹಾಯುವವರೆಗೆ ಕೆಂಪು ರಾಶಿ, ಹಮಾಲರ ಹಾಡು, ಡೊಳ್ಳು. ನೋಡಲು ಚೆಂದ. ಆದರೆ ಅಲ್ಲಿ ಯಾರಿಗೂ ಏನೂ ಬೇಕಾಗಿಲ್ಲ. ಎರಡು ನಿಮಿಷ ಕಳೆದರೂ ಕಥೆ ನಿಂತಲ್ಲೇ ನಿಂತಿರುತ್ತದೆ. ಆ ಹಾಡನ್ನು ಕತ್ತರಿಸಿ ತೆಗೆದರೂ ಕಥೆ ತಿಳಿಯುತ್ತದೆ ಎಂದಾದರೆ ಅದು ಬರೀ ತೋರಣ, ಬಿಡುವುದೇ ಲೇಸು.

ಬಯಕೆಯ ಹಾಡು ಒಂದು ಪೆಟ್ಟಿನ ಬೆನ್ನಿಗೇ ಬರಬೇಕು. ನಮ್ಮ ಕಥೆಯಲ್ಲಿ ಆ ಪೆಟ್ಟು ಹೀಗಿದೆ. ಖರೀದಿಗೆ ಬಂದವನೊಬ್ಬ ಚೀಲಕ್ಕೆ ಕೈ ಹಾಕಿ, ಡಬ್ಬಿಯ ಪಕ್ಕದಲ್ಲಿದ್ದ ಮೆಣಸಿನಕಾಯಿ ಎತ್ತಿ ಕಡಿದು, "ಇದ್ರಾಗ ಖಾರನ ಇಲ್ಲಲೋ!" ಎಂದು ನಗುತ್ತಾನೆ. ಪಕ್ಕದ ಚೀಲದ ಖಾರದ ಗುಂಟೂರು ಮೆಣಸಿನಕಾಯಿಗಳೂ ನಗುತ್ತವೆ. ಡಬ್ಬಿಯ ಅವ್ವ ಸಮಾಧಾನ ಹೇಳುತ್ತಾಳೆ: "ಹೋಗ್ಲಿ ಬಿಡವಾ, ಎಲ್ಲಾರಿಗೂ ಖಾರ ಬರೂದಿಲ್ಲ." ಈ ಮಾತಿಗೆ ಡಬ್ಬಿಯ ಬಳಿ ಉತ್ತರವಿಲ್ಲ. ಮಾತಿನಲ್ಲಿ ಹೇಳಲಾಗದ ಆ ಕ್ಷಣವೇ ಹಾಡಿನ ಬಾಗಿಲು.

ಗಡಿಯಾರದ ಲೆಕ್ಕದಲ್ಲಿ ಇದು 12 ನಿಮಿಷದ ಚಿತ್ರದ ಎರಡನೆಯ ನಿಮಿಷ ಮುಗಿಯುವ ಹೊತ್ತು. ಹಾಡು ಎರಡು ನಿಮಿಷದ್ದಾದರೆ ನಾಲ್ಕನೆಯ ನಿಮಿಷಕ್ಕೆ, ಅಂದರೆ ಚಿತ್ರದ ಮೂರನೇ ಒಂದು ಪಾಲಿಗೆ, ಡಬ್ಬಿ ಚೀಲ ಬಿಟ್ಟು ಹೊರಟಿರುತ್ತಾಳೆ. ಇದಕ್ಕಿಂತ ತಡವಾದರೆ ಮಕ್ಕಳು "ಇವಳು ಯಾಕೆ ಓಡ್ತಾಳ?" ಎಂದು ಪಕ್ಕದವರನ್ನು ಕೇಳಲು ಸುರು ಮಾಡುತ್ತಾರೆ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ವಾಕ್ಯ ಬರೆದಿಟ್ಟುಕೊಳ್ಳಿ. ಹಾಡಿನ ಮೊದಲು: "ಡಬ್ಬಿ ಚೀಲದ ತಳದಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ." ಹಾಡಿನ ನಂತರ: "ಡಬ್ಬಿ ಗುಂಟೂರಿನವರ ಲಾರಿ ಹತ್ತಿದ್ದಾಳೆ." ಎರಡೂ ಕಣ್ಣಿಗೆ ಕಾಣುವ ವಾಕ್ಯಗಳಾಗಿರಬೇಕು. "ಡಬ್ಬಿಗೆ ಬೇಸರವಾಗಿದೆ" ಎಂದು ಬರೆದರೆ ಕಲಾವಿದನಿಗೆ ಬಿಡಿಸಲು ಏನೂ ಸಿಗುವುದಿಲ್ಲ.

ಮೊದಲು ನಡೆ, ಆಮೇಲೆ ನುಡಿ

ಸಾಹಿತ್ಯ ಬರೆಯುವ ಮುಂಚೆ ಹಾಡಿನ ವೇಗ ಗೊತ್ತಾಗಬೇಕು. ಆನಿಮೇಷನ್‌ನಲ್ಲಿ ಇದಕ್ಕೊಂದು ಪ್ರಾಯೋಗಿಕ ಕಾರಣವಿದೆ. ಚಿತ್ರ ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 1440 ಫ್ರೇಮ್ ಓಡುತ್ತದೆ. 1440ನ್ನು ನಿಮಿಷದ ಬೀಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ. ವೇಗ 100 ಆದರೆ ಬೀಟಿಗೆ 14.4 ಫ್ರೇಮ್. ಹೆಜ್ಜೆ ಒಮ್ಮೆ ತಾಳಕ್ಕೆ ಬೀಳುತ್ತದೆ, ಒಮ್ಮೆ ಕೂದಲೆಳೆಯಷ್ಟು ಜಾರುತ್ತದೆ. ವೇಗ 90 ಆದರೆ ಸರಿಯಾಗಿ 16 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವ ರೂಢಿಯಲ್ಲಿ ಬೀಟಿಗೆ ಎಂಟು ಚಿತ್ರ. 120 ಆದರೆ 12 ಫ್ರೇಮ್, ಅದೂ ಸಲೀಸು. ಡಬ್ಬಿಗೆ 90 ಇಟ್ಟುಕೊಳ್ಳೋಣ. ಸಂಗೀತ ನಿರ್ದೇಶಕರಿಗೆ "ಸ್ವಲ್ಪ ಚುರುಕಾಗಿ ಮಾಡ್ರಿ" ಅನ್ನುವ ಬದಲು ಈ ಸಂಖ್ಯೆಯನ್ನೇ ಹೇಳಿ. ಹಾಡು ಮುದ್ರಣವಾದ ಮೇಲೆ ವೇಗ ಬದಲಿಸಿದರೆ ಚಿತ್ರದ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ.

ಈ ತಾಳ ಎಲ್ಲಿಂದಲೋ ಬರುವುದು ಬೇಡ. ಹಾಡು ಸುರುವಾಗುವ ಮುನ್ನವೇ ಹಮಾಲರು ಚೀಲ ಒಗೆಯುವ 'ಧಪ್' ಸದ್ದು ಎರಡು ಬೀಟಿಗೊಮ್ಮೆ, ಅಂದರೆ 32 ಫ್ರೇಮಿಗೊಮ್ಮೆ ಕೇಳುತ್ತಿರಲಿ. ಡಬ್ಬಿ ಆ ಸದ್ದಿಗೇ ಮಾತು ಸೇರಿಸುತ್ತಾಳೆ. ಆಗ ಮಾತು ಯಾವಾಗ ಹಾಡಾಯಿತು ಎಂಬುದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಛಂದಸ್ಸು. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗದುಗಿನ ಭಾರತದ ಭಾಮಿನಿ ಷಟ್ಪದಿ ಮೂರು-ನಾಲ್ಕರ ನಡೆಯಲ್ಲಿ ಸಾಗುತ್ತದೆ. ಗಮಕಿಗಳ ಬಾಯಲ್ಲಿ ಅದು ಅದ್ಭುತ, ಆದರೆ ಆರು ವರ್ಷದ ಮಗು ಚಪ್ಪಾಳೆ ತಟ್ಟಲು ಹೋದರೆ ಏಳರ ಲೆಕ್ಕ ಕೈಗೆ ಸಿಗುವುದಿಲ್ಲ. ನಾಲ್ಕು ಮಾತ್ರೆಯ ಗಣ ಸುಲಭ. ಒಂದು ಸಾಲಿಗೆ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ಒಂದು ಮಾತ್ರೆಗೆ ಅರ್ಧ ಬೀಟ್ ಅಂದರೆ 8 ಫ್ರೇಮ್, ಒಂದು ಸಾಲಿಗೆ 128 ಫ್ರೇಮ್, ಸುಮಾರು ಐದೂಕಾಲು ಸೆಕೆಂಡ್. ಸಾಹಿತಿ, ಸಂಗೀತಗಾರ, ಚಿತ್ರಕಾರ ಮೂವರಿಗೂ ಅಳತೆಗೋಲು ಒಂದೇ ಆಯಿತು.

ಧಾರವಾಡದ ಕಡೆಯ ಸಂಗೀತಗಾರರಿಗೆ ಹದಿನಾರು ಮಾತ್ರೆ ಎಂದರೆ ತೀನ್ ತಾಲ ನೆನಪಾಗುತ್ತದೆ. ಅದರಿಂದ ಒಂದು ಉಪಾಯ ಎರವಲು ಪಡೆಯಬಹುದು. ತೀನ್ ತಾಲದಲ್ಲಿ ಒಂಬತ್ತನೆಯ ಮಾತ್ರೆ ಖಾಲಿ. ಆ ಭಾಗದಲ್ಲಿ ತಬಲಾದ ಎಡಗೈಯ ಗುಂಯ್‌ಗಾರ ಬಹುಮಟ್ಟಿಗೆ ಇಲ್ಲವಾಗುತ್ತದೆ. ನಮ್ಮ ಪಲ್ಲವಿಯಲ್ಲೂ ಮೂರನೆಯ ಗಣಕ್ಕೆ ತಾಳ ಬಡಿಯುವ ಹಲಗಿಯನ್ನು ನಿಲ್ಲಿಸಿದರೆ, ಅಲ್ಲಿ ಬರುವ ಮಾತು ಬೆತ್ತಲೆಯಾಗಿ ಕೇಳುತ್ತದೆ. ಹಾಗಿದ್ದರೆ ಅಲ್ಲಿಗೆ ಮುಖ್ಯ ಮಾತೇ ಬರಬೇಕು.

ಸಾಹಿತ್ಯ

ಪಲ್ಲವಿ ಹೀಗಿದೆ, ಗೆರೆಗಳು ಗಣ ತೋರಿಸುತ್ತವೆ:

ನನಗೂ | ಖಾರಾ | ಬೇಕವ್ | ವಾ
ನಾಲಿಗಿ | ಚುರುಚುರು | ಅನಬೇ | ಕವ್ವಾ

ಮೂರನೆಯ ಗಣದಲ್ಲಿ 'ಬೇಕು' ಬಿದ್ದಿದೆ, ಹಲಗಿ ನಿಂತಾಗ ಕೇಳುವುದು ಅದೇ. ಕೊನೆಯ 'ವಾ' ಎರಡೇ ಮಾತ್ರೆ. ಅದನ್ನು ಮೂರಕ್ಕೆ ಎಳೆದು ನಾಲ್ಕನೆಯದನ್ನು ಉಸಿರಿಗೆ ಬಿಡಬೇಕು. ಹಾಡುವುದು ಮಗು, ಉಸಿರಾಡಲು ಜಾಗ ಕೊಡದಿದ್ದರೆ ಮುಂದಿನ ಸಾಲಿನ ಮೊದಲಕ್ಷರ ನುಂಗಿಹೋಗುತ್ತದೆ.

ಕನ್ನಡದಲ್ಲಿ ಒಂದು ಅಪಾಯ ಸದಾ ಕಾಯುತ್ತಿರುತ್ತದೆ. ಹ್ರಸ್ವವನ್ನು ಎಳೆದರೆ ಬೇರೆ ಪದವೇ ಆಗಿಬಿಡಬಹುದು. 'ಸುಡು' ಎಂಬುದನ್ನು ಉದ್ದದ ಸ್ವರದ ಮೇಲೆ ಇಟ್ಟರೆ ಅದು 'ಸೂಡು' ಎಂದು ಕೇಳುತ್ತದೆ, ನಮ್ಮ ಕಡೆಯ ಮಕ್ಕಳ ಕಣ್ಣಿಗೆ ಜೋಳದ ಕಣಿಕಿಯ ಕಟ್ಟು ಬರುತ್ತದೆ. ಅದಕ್ಕೇ 'ಚುರುಚುರು' ಬಂದದ್ದು. ನಾಲ್ಕೂ ಲಘು, ಎಳೆಯಲು ಆಸ್ಪದವೇ ಇಲ್ಲ, ಸದ್ದಿನಲ್ಲೇ ಖಾರವಿದೆ. ರಾಗ ಸಿದ್ಧವಾದ ಮೇಲೆ ಉದ್ದ ಸ್ವರಗಳ ಕೆಳಗೆ ಯಾವ ಅಕ್ಷರ ಕೂತಿದೆ ಎಂದು ಒಂದೊಂದಾಗಿ ನೋಡಿ. ಅಲ್ಲಿ ಲಘು ಕಂಡರೆ ಪದ ಬದಲಿಸಿ, ಇಲ್ಲವೇ ರಾಗ ಬದಲಿಸಲು ಹೇಳಿ.

ಸಾಲಿನ ಕೊನೆಯ ಸ್ವರವೂ ಮುಖ್ಯ. ಗ್ರಾಂಥಿಕ ಕನ್ನಡದಲ್ಲಿ 'ಬೇಕು', 'ಸಾಕು', 'ಬಂದಿತು' ಎಂದು ಎಷ್ಟೋ ಸಾಲು ಉಕಾರದಲ್ಲಿ ಮುಗಿಯುತ್ತವೆ. ಉಕಾರಕ್ಕೆ ತುಟಿ ಮುಂದೆ ಚಾಚಿ ಬಾಯಿ ಚಿಕ್ಕದಾಗುತ್ತದೆ. ಪುಟ್ಟ ಮೆಣಸಿನಕಾಯಿಯ ಮುಖದಲ್ಲಿ ಆ ಬಾಯಿ ಒಂದು ಚುಕ್ಕೆ. ಉದ್ದಕ್ಕೆ ಹಾಡಬೇಕಾದಲ್ಲಿ ಬಾಯಿ ತೆರೆಯುವ ಆಕಾರ, ಓಕಾರ ಬೇಕು. ನಮ್ಮ ಆಡುಮಾತಿನಲ್ಲಿ 'ನನಗ', 'ಒಳಗ', 'ಅವ್ವಾ' ಎಂದು ಬಾಯಿ ತೆರೆದೇ ಮುಗಿಯುವ ಮಾತು ಬೇಕಾದಷ್ಟು ಸಿಗುತ್ತವೆ. ಉತ್ತರ ಕರ್ನಾಟಕದ ಮಾತನ್ನು ಬರೀ ತಮಾಷೆಗೆ ಬಳಸುವವರು ಇದನ್ನು ಗಮನಿಸಿದಂತಿಲ್ಲ.

ಮೊದಲ ಚರಣ:

ಕೆಂಪನ | ಅಂಗೀ | ಮೈತುಂ | ಬೆಲ್ಲ
ಕಡದವ | ರೆಲ್ಲಾ | ನಗತಾ | ರಲ್ಲ
ಗುಂಟೂ | ರಣ್ಣಾ | ಬಂದರ | ಸಾಕು
ಊರಿಗಿ | ಊರೇ | ಸೀನಲ | ಬೇಕು

ಗಣ ಒಡೆಯುವಲ್ಲಿ ಪದವೂ ಒಡೆಯುತ್ತದೆ, ಒಡೆದ ತುಂಡು ಬೇರೆ ಪದವಾಗಿ ಕೇಳಬಹುದು. 'ಮೈತುಂಬೆಲ್ಲ' ಎಂಬುದು ತಾಳಕ್ಕೆ 'ಮೈತುಂ... ಬೆಲ್ಲ' ಆಗಿದೆ. ಬೇರೆ ಹಾಡಿನಲ್ಲಾದರೆ ಇದು ದೋಷ, ತಿದ್ದಬೇಕು. ಇಲ್ಲಿ ಮಾತ್ರ ವರ. ಖಾರವಿಲ್ಲದವಳನ್ನು ಚೀಲದ ಉಳಿದ ಮೆಣಸಿನಕಾಯಿಗಳು "ಬೆಲ್ಲ! ಬೆಲ್ಲ!" ಎಂದು ಕಾಡಿಸಲಿ. ಮೂರು-ನಾಲ್ಕನೆಯ ಸಾಲು ಉಕಾರದಲ್ಲೇ ಮುಗಿದಿವೆ, ಆದರೆ ಅಲ್ಲಿ ಸ್ವರ ಎಳೆಯುವುದಿಲ್ಲ, ಗಕ್ಕನೆ ಕತ್ತರಿಸುತ್ತದೆ. 'ಬೇಕು' ಆದ ಕೂಡಲೇ ಉಳಿದ ಒಂದು ಮಾತ್ರೆಯಲ್ಲಿ ಇಡೀ ಚೀಲ "ಆಕ್ಷೀ!" ಎನ್ನುತ್ತದೆ. ಆ ಮಾತ್ರೆಯ 8 ಫ್ರೇಮಿಗೆ ಸೀನು ಕೂರುತ್ತದೆ. ಮಕ್ಕಳು ನಗುವುದು ಅಲ್ಲೇ, ಆದ್ದರಿಂದ ಅದರ ಬೆನ್ನಿಗೆ ಮುಖ್ಯ ಮಾತು ಇಡಬೇಡಿ. ನಗುವಿನಲ್ಲಿ ಮುಳುಗಿಹೋಗುತ್ತದೆ.

ಕೊನೆಯ ಚರಣದ ಎರಡು ಸಾಲು, ಅದರ ಬೆನ್ನಿಗೆ ಬರುವ ಪಲ್ಲವಿಯ ಮೊದಲ ಸಾಲು:

ಲಾರಿಯ | ಗಾಲೀ | ತಿರಗೂ | ದ್ರಾಗ
ಬೈಬ್ಯಾ | ಡವ್ವಾ | ಹೊಂಟೇ | ನೀಗ

ಖಾರಾ | ತರತೇನ್ | ನೋಡವ್ | ವಾ

'ಬೇಕವ್ವಾ' ಇದ್ದದ್ದು 'ತರತೇನ್ ನೋಡವ್ವಾ' ಆಗಿದೆ. ಬೇಡುವವಳು ಹೊರಡುವವಳಾದಳು. ಕೊನೆಯ ಪಲ್ಲವಿ ಮೊದಲನೆಯದರ ಹಾಗೆಯೇ ಉಳಿದರೆ ಹಾಡು ಎಲ್ಲಿಗೂ ಹೋಗಿಲ್ಲ ಎಂದೇ ಅರ್ಥ. ರಾಗ ಹಾಗೇ ಇದ್ದು ಕ್ರಿಯಾಪದ ಮಾತ್ರ ಬದಲಾದರೆ ಸಾಕು, ಕೇಳುವ ಮಗುವಿಗೆ ಅದು ತಾನೇ ತಿಳಿಯುತ್ತದೆ.

ಒಟ್ಟು ಲೆಕ್ಕ: ಮುನ್ನುಡಿಯ ಸಂಗೀತ ಒಂದು ಸಾಲಿನಷ್ಟು, ಪಲ್ಲವಿ ನಾಲ್ಕು ಸಲ, ನಾಲ್ಕು ಸಾಲಿನ ಚರಣ ಮೂರು, ಕೊನೆಯ ಚರಣಕ್ಕೆ ಮುಂಚೆ ಒಂದು ಸಾಲಿನಷ್ಟು ಮೌನ. ಸೇರಿಸಿದರೆ 22 ಸಾಲು, 2816 ಫ್ರೇಮ್, ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ.

ತೆರೆಯ ಮೇಲೆ

ಹಾಡಿನಲ್ಲಿ ತೇರು ಎಂದಾಗ ತೇರು, ಲಾರಿ ಎಂದಾಗ ಲಾರಿ ಬಿಡಿಸುತ್ತ ಹೋದರೆ ಅದು ಗೋಡೆಗೆ ತೂಗುಹಾಕುವ ಅಕ್ಷರಮಾಲೆಯ ಪಟವಾಗುತ್ತದೆ. ಮಾತು ಹೇಳಿದ್ದನ್ನೇ ಚಿತ್ರ ಅದೇ ಫ್ರೇಮಿನಲ್ಲಿ ಹೇಳಿದರೆ ಎರಡರಲ್ಲಿ ಒಂದು ವ್ಯರ್ಥ.

ಮೊದಲ ಚರಣ ಪೂರ್ತಿ ಚೀಲದೊಳಗೆ ನಡೆಯುತ್ತದೆ. ಸೆಣಬಿನ ಸಂದಿಯಿಂದ ಬರುವ ಬೆಳಕು ಅಷ್ಟೇ, ಎಲ್ಲವೂ ಕಂದು. ಡಬ್ಬಿ 'ಕೆಂಪನ ಅಂಗೀ' ಎಂದು ಹಾಡುತ್ತಾಳೆ, ಆದರೆ ನಮಗೆ ಕೆಂಪು ಕಾಣುವುದೇ ಇಲ್ಲ. ಬಣ್ಣದ ಪಟ್ಟಿ ಸಿದ್ಧಪಡಿಸುವವರಿಗೆ ಇದನ್ನು ಬರೆದು ಕೊಡಿ: ಹಾಡಿನ ಕೊನೆಯ ಪಲ್ಲವಿಯವರೆಗೆ ಎಲ್ಲೂ ತುಂಬುಗೆಂಪು ಬಳಸುವಂತಿಲ್ಲ, ಗುಂಟೂರು ಅಣ್ಣನ ಮೈಗೂ ಕೂಡ. ಈ ಕಟ್ಟಳೆ ಪಾಲಿಸುವುದು ಕಷ್ಟ, ಏಕೆಂದರೆ ಮೆಣಸಿನಕಾಯಿ ಎಂದ ಕೂಡಲೇ ಎಲ್ಲರ ಕೈ ಕೆಂಪಿಗೇ ಹೋಗುತ್ತದೆ.

ಎರಡನೆಯ ಚರಣ ಡಬ್ಬಿಯ ಕನಸು. ಇಲ್ಲಿ ಚಿತ್ರದ ಶೈಲಿಯೇ ಬದಲಾಗಲಿ: ಕಪ್ಪು ಬಟ್ಟೆಯ ಮೇಲೆ ಕಸೂತಿ. ಧಾರವಾಡದ ಕಸೂತಿಯಲ್ಲಿ ನಕಾಶೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಬೀಳುತ್ತದೆ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಇದೇ ನಮ್ಮ ದೃಶ್ಯದ ತಾಳ.

ತೇರಿನ | ಮ್ಯಾಲೇ | ಕುಂತೇ | ನಲ್ಲ
ಹಗ್ಗಾ | ಜಗ್ಗೀ | ಬೆವತಾ | ರೆಲ್ಲ

ಮೊದಲ ಸಾಲನ್ನು ಡಬ್ಬಿ ಒಬ್ಬಳೇ ಹಾಡುತ್ತಾಳೆ. ಮಾತ್ರೆಗೊಂದರಂತೆ ಹದಿನಾರು ಹೊಲಿಗೆ, ನಡುವೆ ಖಾಲಿ. ಏನು ಮೂಡುತ್ತಿದೆ ಎಂದು ತಿಳಿಯುವುದಿಲ್ಲ. ಎರಡನೆಯ ಸಾಲನ್ನು ಚೀಲದವರೆಲ್ಲ ಸೇರಿ ಹಾಡುತ್ತಾರೆ, ದಾರ ಮರಳಿ ಬರುತ್ತ ಖಾಲಿ ತುಂಬುತ್ತದೆ, ಆಗ ತೇರು ಕಾಣುತ್ತದೆ. ಕಿವಿಗೆ ತೇರು ಮೊದಲು, ಕಣ್ಣಿಗೆ ಆಮೇಲೆ. ಈ ಐದು ಸೆಕೆಂಡ್ ಅಂತರದಲ್ಲೇ ಮಗು ತೆರೆಗೆ ಅಂಟಿಕೊಳ್ಳುತ್ತದೆ. ಖರ್ಚೂ ಇಳಿಯುತ್ತದೆ, ಹೊಲಿಗೆ ಒಂದಾದ ಮೇಲೊಂದು ಮೂಡಬೇಕಷ್ಟೇ, ಪ್ರತಿ ಫ್ರೇಮಿಗೆ ಹೊಸ ಭಂಗಿ ಬೇಕಾಗಿಲ್ಲ. ಉಳಿದ ದುಡ್ಡು ಮತ್ತು ಸಮಯವನ್ನು ಕೊನೆಯ ಜಿಗಿತಕ್ಕೆ ಇಟ್ಟುಕೊಳ್ಳಬಹುದು.

ಕನಸಿನಿಂದ ಹೊರಬರಲು ದಾರವೇ ದಾರಿ. ಯಾರೋ ದಾರ ಜಗ್ಗುತ್ತಾರೆ, ತೇರು ಸರಸರನೆ ಬಿಚ್ಚಿಹೋಗುತ್ತದೆ, ನೋಡಿದರೆ ಅದು ಚೀಲದ ಬಾಯಿ ಹೊಲಿದ ಸುತಳಿ. ಹಮಾಲನ ಕೈ ಅದನ್ನು ಬಿಚ್ಚುತ್ತಿದೆ. ಬೆಳಕು ಒಳಗೆ ಬೀಳುತ್ತದೆ. ಇಲ್ಲೇ ಆ ಒಂದು ಸಾಲಿನ ಮೌನ. ಚೀಲದ 'ಧಪ್' ಕೂಡ ನಿಲ್ಲಲಿ.

ಕೊನೆಯ ಚರಣದಲ್ಲಿ ಡಬ್ಬಿ ಮೇಲೆ ಏರುತ್ತಾಳೆ. ಪಲ್ಲವಿಯ 'ನೋಡವ್ವಾ'ಗೆ ಚೀಲದಿಂದ ಜಿಗಿದು ಬಿಸಿಲಿಗೆ ಬೀಳುತ್ತಾಳೆ. ಹಾಡಿನಲ್ಲಿ ಮೊದಲ ಸಲ ತುಂಬುಗೆಂಪು. ಸುತ್ತಲಿನ ಹಮಾಲರ ಅಂಗಿ, ಲಾರಿಯ ತಗಡು, ಎಲ್ಲದರ ಮೇಲೂ ಆ ಕೆಂಪಿನ ಛಾಯೆ ಒಂದು ಕ್ಷಣ ಬೀಳುತ್ತದೆ. ಅವಳು ಮಾತ್ರ ಲಾರಿಯನ್ನೇ ನೋಡುತ್ತಿದ್ದಾಳೆ, ಖಾರದ ಮಾತನ್ನೇ ಹಾಡುತ್ತಿದ್ದಾಳೆ. ಇಲ್ಲಿ ಅವಳು ತನ್ನ ಮೈ ನೋಡಿಕೊಂಡಳೋ, ಮುಂದಿನ ಎಂಟು ನಿಮಿಷದ ಕಥೆಗೆ ಕೆಲಸವೇ ಉಳಿಯುವುದಿಲ್ಲ.

ತುಟಿಯ ಬಗ್ಗೆ ಒಂದು ಮಾತು. ಪ, ಬ, ಮ ಬಂದಾಗ ಬಾಯಿ ಮುಚ್ಚಿದ ಚಿತ್ರ ಕಡಿಮೆಯೆಂದರೂ ಎರಡು ಫ್ರೇಮ್ ಇರಬೇಕು, ಇಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬಾಯಿಯ ಚಿತ್ರ ದನಿಗಿಂತ ಒಂದೆರಡು ಫ್ರೇಮ್ ಮುಂದಿದ್ದರೆ ಸಹಜವಾಗಿ ಕಾಣುತ್ತದೆ, ಹಿಂದಿದ್ದರೆ ಡಬ್ಬಿಂಗ್ ಮಾಡಿದ ಹಾಗಿರುತ್ತದೆ.

ಪರೀಕ್ಷೆ, ಆಮೇಲೆ ಮುದ್ರಣ

ಕಚ್ಚಾ ಹಾಡನ್ನು ಫೋನಿನಲ್ಲೇ ಮುದ್ರಿಸಿ, ಆದರೆ ಕಿವಿಯಲ್ಲಿ 90ರ ಟಿಕ್‌ಟಿಕ್ ಇರಲಿ. ಸ್ಟೋರಿಬೋರ್ಡ್‌ನ ಚಿತ್ರಗಳನ್ನು ಅದಕ್ಕೆ ಜೋಡಿಸಿದರೆ ಆನಿಮ್ಯಾಟಿಕ್ ಸಿದ್ಧ. ಅದನ್ನು ಮಕ್ಕಳ ಎರಡು ಗುಂಪಿಗೆ ಬೇರೆಬೇರೆಯಾಗಿ ಕೊಡಿ. ಒಂದು ಗುಂಪಿಗೆ ಹಾಡು ಮಾತ್ರ, ಚಿತ್ರವಿಲ್ಲ. ಇನ್ನೊಂದಕ್ಕೆ ಚಿತ್ರ ಮಾತ್ರ, ಹಾಡಿಲ್ಲ. "ಚಲೋ ಐತೇನು?" ಎಂದು ಕೇಳಬೇಡಿ, ಮಕ್ಕಳು ಮುಖ ನೋಡಿ ಹೂಂ ಅಂತಾರೆ. "ಈಗ ಆಕಿ ಏನ್ ಮಾಡ್ತಾಳ?" ಎಂದು ಕೇಳಿ. ಹಾಡು ಕೇಳಿದವರು "ಖಾರ ತರಾಕ ಹೋಗ್ತಾಳ" ಎನ್ನಬೇಕು. ಚಿತ್ರ ನೋಡಿದವರು ಖಾರದ ಮಾತು ಎತ್ತದಿದ್ದರೂ ಅಡ್ಡಿಯಿಲ್ಲ, ಆದರೆ ಅವರ ಬಾಯಲ್ಲಿ 'ಕೆಂಪು' ಎಂಬ ಮಾತು ತಾನಾಗಿಯೇ ಬರಬೇಕು. ಎರಡೂ ಗುಂಪಿನ ಉತ್ತರ ಒಂದೇ ಆದರೆ ಚಿತ್ರ ಬರೀ ಮಾತಿನ ಹಿಂದೆ ನಡೆದಿದೆ, ಸ್ಟೋರಿಬೋರ್ಡ್ ತಿದ್ದಿ. ಹಾಡು ಕೇಳಿದವರಿಗೆ ಅವಳು ಹೊರಟದ್ದೇ ತಿಳಿಯದಿದ್ದರೆ ಕೊನೆಯ ಚರಣ ತಿದ್ದಿ. ಎರಡನೆಯ ಚರಣದಲ್ಲಿ ಮಕ್ಕಳು ಕೂತಲ್ಲೇ ಹೊರಳಾಡತೊಡಗಿದರೆ ಅಲ್ಲಿ ಎರಡು ಸಾಲು ಹೆಚ್ಚಾಗಿದೆ. ಕಸೂತಿ ಎಷ್ಟೇ ಚೆಂದವಿರಲಿ, ಕತ್ತರಿಸಿ.

ಹಾಡಲು ಈ ಭಾಗದ ಮಗುವನ್ನೇ ಹುಡುಕಿ. 'ಬೈಬ್ಯಾಡವ್ವಾ' ಎಂಬುದನ್ನು ಕಲಿಸಿ ಹೇಳಿಸಿದರೆ ಕಲಿಸಿದ್ದು ಕೇಳಿಯೇ ಕೇಳುತ್ತದೆ. ರಾಗ ಷಡ್ಜದಿಂದ ಮೇಲಿನ ಷಡ್ಜದೊಳಗೆ ಇರಲಿ, ತಾರಷಡ್ಜವನ್ನು 'ನೋಡವ್ವಾ'ದ ಕೊನೆಗೆ ಒಂದೇ ಸಲ ಮುಟ್ಟಿದರೆ ಸಾಕು. ಮುದ್ರಣಕ್ಕೂ ಅದೇ 90ರ ಟಿಕ್‌ಟಿಕ್ ಇದ್ದರೆ ಸಾಲುಗಳ ಆರಂಭ ಕದಲುವುದಿಲ್ಲ. ಅಕ್ಷರಗಳು ಮಾತ್ರ ಮಗುವಿನ ಬಾಯಿಗೆ ತಕ್ಕಂತೆ ಒಂದೆರಡು ಫ್ರೇಮ್ ಅತ್ತಿತ್ತ ಆಗುತ್ತವೆ. ಅದನ್ನು ಕೇಳಿಕೊಂಡು ಯಾವ ಅಕ್ಷರ ಎಷ್ಟನೆಯ ಫ್ರೇಮಿಗೆ ಬಿದ್ದಿದೆ ಎಂದು ಹಾಳೆಯಲ್ಲಿ ಗುರುತಿಸಿ ಆನಿಮೇಟರ್ ಕೈಗೆ ಕೊಡಿ, ತುಟಿಯ ಚಿತ್ರಗಳನ್ನು ಅಲ್ಲಿಯವರೆಗೆ ಯಾರೂ ಸುರು ಮಾಡುವುದು ಬೇಡ.